ನೆಲಕ್ಕೆ ಏನು ಕುಡಿಸಬೇಕು?

1997ರ ಶರತ್ಕಾಲದಲ್ಲಿ ದಕ್ಷಿಣ ಸ್ವೀಡನ್ನಿನ ಹಲ್ಲಾಂಡ್ಸೋಸ್ ಗುಡ್ಡದ ತಪ್ಪಲಲ್ಲಿ ಮೇಯುತ್ತಿದ್ದ ಹಸುಗಳು ಕಾಲಿನ ಸ್ವಾಧೀನ ಕಳೆದುಕೊಂಡು ಬೀಳತೊಡಗಿದವು. ಹೊಳೆಯ ನೀರು ಬಿಟ್ಟುಕೊಂಡಿದ್ದ ಮೀನು ಸಾಕಣೆ ಕೊಳದಲ್ಲಿ ಮೀನುಗಳು ಸತ್ತು ತೇಲಿದವು. ಗುಡ್ಡದೊಳಗೆ ರೈಲು ಸುರಂಗ ಕೊರೆಯುತ್ತಿದ್ದ ಕೆಲಸಗಾರರಲ್ಲಿ ಕೆಲವರಿಗೆ ಕೈಕಾಲು ಜೋಮು ಹಿಡಿಯುತ್ತಿತ್ತು. ಕಾರಣ ಹುಡುಕುತ್ತ ಹೋದವರು ತಲುಪಿದ್ದು ಸುರಂಗದ ಸೋರಿಕೆ ನಿಲ್ಲಿಸಲು ಬಂಡೆಯ ಬಿರುಕುಗಳಿಗೆ ತುಂಬಿದ್ದ ದ್ರವಕ್ಕೆ. ರೋಕಾ-ಗಿಲ್ ಎಂಬ ಹೆಸರಿನ ಆ ದ್ರವದಲ್ಲಿ ಅಕ್ರಿಲಮೈಡ್ ಇತ್ತು. ಅದು ನರಗಳಿಗೆ ವಿಷ. ಸುಮಾರು 1,400 ಟನ್ ಆಗಲೇ ಗುಡ್ಡದೊಳಗೆ ಹೋಗಿತ್ತು.

ಇಂಥ ದ್ರವವನ್ನು ತಿಳಿದವರು ಯಾಕೆ ಆರಿಸಿಕೊಂಡರು? ಇದಕ್ಕೆ ಉತ್ತರ ಹುಡುಕಿದರೆ ಗ್ರೌಟಿಂಗ್ ಎಂಬ ಕೆಲಸದ ಒಳಗುಟ್ಟು ತಿಳಿಯುತ್ತದೆ. ಮೊದಲು ಅಲ್ಲಿ ಸಿಮೆಂಟನ್ನೇ ತುಂಬಿ ನೋಡಿದ್ದರು, ನೀರು ನಿಲ್ಲಲಿಲ್ಲ. ಸಿಮೆಂಟು ಹಿಟ್ಟಿನಷ್ಟು ನುಣ್ಣಗಿದ್ದರೂ ಅದು ಕಣಗಳ ರಾಶಿಯೇ, ಅದರ ದಪ್ಪ ಕಣ 0.1 ಮಿಲಿಮೀಟರಿನ ಹತ್ತಿರ ಇರುತ್ತದೆ. ಕಣದ ಮೂರು ಪಟ್ಟಾದರೂ ಅಗಲವಿಲ್ಲದ ಬಿರುಕಿನಲ್ಲಿ ಕಣಗಳು ಒಂದಕ್ಕೊಂದು ಆತು ಬಾಯಲ್ಲೇ ಸಿಕ್ಕಿಕೊಳ್ಳುತ್ತವೆ. ನೀರಿಗೆ ಆ ತೊಂದರೆಯಿಲ್ಲ, ಅದು ಕೂದಲೆಳೆಯಷ್ಟು ಸಂದಿಯಲ್ಲೂ ನುಗ್ಗುತ್ತದೆ. ಹಾಗಾಗಿ ನೀರಿನಷ್ಟೇ ತೆಳ್ಳಗಿರುವ, ಕಣವೇ ಇಲ್ಲದ, ಒಳಗೆ ಹೋದಮೇಲೆ ಗಟ್ಟಿಯಾಗುವ ದ್ರವ ಬೇಕಾಯಿತು. ಅಕ್ರಿಲಮೈಡ್ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು. ಆದರೆ ಗಟ್ಟಿಯಾದಮೇಲೆ ಮಾತ್ರ ಅದು ನಿರುಪದ್ರವಿ. ಹಲ್ಲಾಂಡ್ಸೋಸಿನಲ್ಲಿ ಒತ್ತಡದಿಂದ ಹರಿದುಬರುತ್ತಿದ್ದ ನೀರು ಅದನ್ನು ಗಟ್ಟಿಯಾಗುವ ಮೊದಲೇ ತೆಳುವಾಗಿಸಿ ಹೊಳೆಗೆ ಕೊಂಡೊಯ್ದಿತು.

ಇದು ಮುಂಚೆ ಗೊತ್ತಿಲ್ಲದ ಅಪಾಯವೇನೂ ಅಲ್ಲ. 1974ರಲ್ಲಿ ಜಪಾನಿನ ಫುಕುವೊಕಾ ಪ್ರಾಂತ್ಯದಲ್ಲಿ ಒಳಚರಂಡಿ ಕಾಮಗಾರಿಗಾಗಿ ಇದೇ ಅಕ್ರಿಲಮೈಡನ್ನು ನೆಲಕ್ಕೆ ಇಳಿಸಿದಾಗ ಪಕ್ಕದ ಬಾವಿಯ ನೀರು ಕುಡಿದ ಒಂದೇ ಮನೆಯ ಐವರು ಹಾಸಿಗೆ ಹಿಡಿದಿದ್ದರು. ಅದಾದಮೇಲೆ ಜಪಾನ್ ಸರ್ಕಾರ ರಾಸಾಯನಿಕ ಗ್ರೌಟುಗಳಲ್ಲಿ ವಾಟರ್ ಗ್ಲಾಸ್, ಅಂದರೆ ಸೋಡಿಯಂ ಸಿಲಿಕೇಟ್ ಜಾತಿಯವಕ್ಕೆ ಮಾತ್ರ ಅವಕಾಶ ಕೊಟ್ಟಿತು. ಇಷ್ಟು ಸ್ಪಷ್ಟ ಪಾಠ ಕಣ್ಣೆದುರಿದ್ದೂ 23 ವರ್ಷಗಳ ಮೇಲೆ ಅದೇ ಜಾತಿಯ ದ್ರವವನ್ನು ಹರಿಯುವ ನೀರಿಗೆ ಬಿಟ್ಟದ್ದನ್ನು ಕ್ಷಮಿಸುವುದು ನನಗೆ ಕಷ್ಟ.

ಬಂಡೆಯನ್ನು ಬಿಟ್ಟು ಈಗ ಮಣ್ಣಿಗೆ ಬರೋಣ. ನಗರಗಳಲ್ಲಿ ಮೆಟ್ರೊ, ಒಳಚರಂಡಿ, ನೆಲಮಾಳಿಗೆಗಳಿಗೆ ಅಗೆಯುವಾಗ ಹೆಚ್ಚಾಗಿ ಎದುರಾಗುವುದು ಮಣ್ಣು ಮತ್ತು ಅದರೊಳಗಿನ ನೀರು. ಮಣ್ಣಿನ ಕಣಗಳನ್ನು ಅಲುಗಿಸದೆ ಅವುಗಳ ನಡುವಿನ ಸಂದಿಯನ್ನಷ್ಟೇ ಗ್ರೌಟಿನಿಂದ ತುಂಬುವುದು ಮೊದಲ ವಿಧಾನ. ಇದನ್ನು ಇಂಗಿಸುವ ಗ್ರೌಟಿಂಗ್ ಎನ್ನಬಹುದು. ಇಲ್ಲಿ ಗ್ರೌಟನ್ನು ಆರಿಸುವವರು ಮೊದಲು ನೋಡುವುದು ಗಟ್ಟಿತನವನ್ನಲ್ಲ, ಜರಡಿ ಪರೀಕ್ಷೆಯ ಫಲಿತಾಂಶವನ್ನು. ಮಣ್ಣಿನ ತೂಕದಲ್ಲಿ ನೂರಕ್ಕೆ 15 ಪಾಲು ಯಾವ ಅಳತೆಗಿಂತ ಸಣ್ಣದಿದೆಯೋ ಆ ಅಳತೆ, ಗ್ರೌಟಿನ ದಪ್ಪ ಕಣಗಳ 24 ಪಟ್ಟಿಗಿಂತ ಹೆಚ್ಚಿದ್ದರೆ ಗ್ರೌಟು ಒಳಗೆ ಹೋಗುತ್ತದೆ. 11 ಪಟ್ಟಿಗಿಂತ ಕಡಿಮೆಯಾದರೆ ಹೋಗುವುದಿಲ್ಲ. ನಡುವಿನದಕ್ಕೆ ಸ್ಥಳದಲ್ಲೇ ಪ್ರಯೋಗ ಮಾಡಿ ನೋಡಬೇಕು. ಸಾಮಾನ್ಯ ಸಿಮೆಂಟಿನ ದಪ್ಪ ಕಣಗಳನ್ನು ಸುಮಾರು 0.05 ಮಿ.ಮೀ. ಎಂದು ಹಿಡಿದರೆ ಮಣ್ಣಿನ ಆ ಸಣ್ಣ ಪಾಲು 1.2 ಮಿ.ಮೀ. ಇರಬೇಕಾಗುತ್ತದೆ. ಅಂದರೆ ದಪ್ಪ ಮರಳು, ಜಲ್ಲಿ. ಬಲು ನುಣ್ಣಗೆ ಅರೆದ ಮೈಕ್ರೋಫೈನ್ ಸಿಮೆಂಟಿನ ಕಣ 0.008 ಮಿ.ಮೀ.ನ ಆಸುಪಾಸು, ಅದು 0.2 ಮಿ.ಮೀ. ಮರಳಿನವರೆಗೆ ಇಳಿಯುತ್ತದೆ. ಅದಕ್ಕಿಂತ ಸಣ್ಣ ಮರಳಿಗೆ ಕಣವಿಲ್ಲದ ಸಿಲಿಕೇಟ್ ಬೇಕು. ಗೋಡು ಮಣ್ಣು, ಜೇಡಿಮಣ್ಣು ಬಂದರೆ ಯಾವುದೂ ಇಂಗುವುದಿಲ್ಲ.

ಇಳಿಸುವ ಕ್ರಮ 1930ರ ದಶಕದಲ್ಲಿ ರೂಪುಗೊಂಡಿತು. ಅಲ್ಜೀರಿಯಾದ ಬೂ ಹನೀಫಿಯಾ ಅಣೆಕಟ್ಟಿನ ಕೆಲಸದಲ್ಲಿ ಎರ್ನೆಸ್ಟ್ ಇಶಿ ಎಂಬ ಎಂಜಿನಿಯರ್ ಕಂಡುಕೊಂಡ ಕೊಳವೆಯನ್ನೇ ಇಂದಿಗೂ ಬಳಸುತ್ತಾರೆ. ಕೊಳವೆಯುದ್ದಕ್ಕೂ ಸುಮಾರು 33 ಸೆಂಟಿಮೀಟರಿಗೊಂದು ಕಡೆ ತೂತುಗಳು, ಅವುಗಳ ಮೇಲೆ ಬಿಗಿಯಾದ ರಬ್ಬರ್ ಪಟ್ಟಿ. ಒಳಗಿನಿಂದ ಒತ್ತಿದರೆ ರಬ್ಬರ್ ಹಿಗ್ಗಿ ಗ್ರೌಟನ್ನು ಹೊರಗೆ ಬಿಡುತ್ತದೆ, ನಿಲ್ಲಿಸಿದರೆ ಮುಚ್ಚಿಕೊಳ್ಳುತ್ತದೆ. ಇದರಿಂದ ಬೇಕಾದ ಆಳಕ್ಕೆ ಬೇಕಾದಷ್ಟೇ ಕೊಡಬಹುದು, ನಾಳೆ ಅದೇ ತೂತಿಗೆ ಮತ್ತೆ ಬಂದು ಬೇರೆ ಗ್ರೌಟು ಕೊಡಬಹುದು. ಎರಡನೆಯದೇ ಇದರ ದೊಡ್ಡ ಗುಣ. ಮೊದಲ ಸುತ್ತಿನಲ್ಲಿ ಅಗ್ಗದ ಸಿಮೆಂಟು-ಬೆಂಟೊನೈಟ್ ಮಿಶ್ರಣ ದೊಡ್ಡ ಸಂದಿಗಳನ್ನು ಮುಚ್ಚುತ್ತದೆ, ಮುಂದಿನ ಸುತ್ತಿನ ಸಿಲಿಕೇಟ್ ಉಳಿದ ಸಣ್ಣ ಸಂದಿಗಳಿಗೆ ಹೋಗುತ್ತದೆ. ಈ ಕ್ರಮ ತಪ್ಪಿಸಿದರೆ ದುಬಾರಿ ಸಿಲಿಕೇಟೆಲ್ಲ ದೊಡ್ಡ ಸಂದಿಗಳಲ್ಲೇ ಓಡಿಹೋಗುತ್ತದೆ.

ಎಷ್ಟು ಕೊಡಬೇಕು ಎಂಬುದು ಸರಳ ಲೆಕ್ಕ. ಕೊಳವೆಗಳ ನಡುವೆ ಒಂದು ಮೀಟರ್ ಅಂತರವಿದ್ದರೆ ಒಂದೊಂದು ತೂತಿನ ಪಾಲಿಗೆ ಮೂರನೇ ಒಂದು ಘನ ಮೀಟರ್ ಮರಳು. ಅದರಲ್ಲಿ ನೂರಕ್ಕೆ 35ರಷ್ಟು ಸಂದಿ ಎಂದರೆ ಸುಮಾರು 115 ಲೀಟರ್. ನಿಮಿಷಕ್ಕೆ 6 ಲೀಟರಿನಂತೆ ಬಿಟ್ಟರೆ 20 ನಿಮಿಷ ಹಿಡಿಯುತ್ತದೆ. ಆದ್ದರಿಂದ ಸಿಲಿಕೇಟ್ ಅದಕ್ಕಿಂತ ಮೊದಲು ಗಟ್ಟಿಯಾಗಬಾರದು, ತುಂಬ ತಡವಾಗಿಯೂ ಆಗಬಾರದು. ಅಂತರ್ಜಲ ಹರಿಯುತ್ತಿದ್ದರೆ ತಡವಾದಷ್ಟೂ ಅದು ಕೊಚ್ಚಿಹೋಗುತ್ತದೆ. ಅವಸರದಿಂದ ಒತ್ತಡ ಏರಿಸಿದರೆ ಇನ್ನೊಂದು ತೊಂದರೆ, ಗ್ರೌಟು ಇಂಗುವ ಬದಲು ಮಣ್ಣನ್ನೇ ಸೀಳಿಕೊಂಡು ಹಾಳೆಯಂತೆ ಹರಡುತ್ತದೆ. ಇದನ್ನು ಮೇಲಿನ ಮಾಪಕದಲ್ಲೇ ಗುರುತಿಸಬಹುದು: ಒತ್ತಡ ತಟ್ಟನೆ ಇಳಿದು ಹರಿವು ಹೆಚ್ಚಿತೆಂದರೆ ನೆಲ ಸೀಳಿದೆ ಎಂದೇ ಅರ್ಥ. ಒತ್ತಡ ಮೆಲ್ಲಗೆ ಏರುತ್ತ ಹರಿವು ಕಡಿಮೆಯಾಗುತ್ತ ಬಂದರೆ ಕೆಲಸ ಸರಿಯಾಗಿ ನಡೆಯುತ್ತಿದೆ.

ಸಿಲಿಕೇಟಿಗೂ ಒಂದು ಮಿತಿಯಿದೆ. ಗಟ್ಟಿಯಾದ ಜೆಲ್ ಕಾಲಕ್ರಮೇಣ ಕುಗ್ಗಿ ನೀರು ಬಿಡುತ್ತದೆ, ಅಂತರ್ಜಲ ಅದನ್ನು ಕರಗಿಸುತ್ತ ಹೋಗುತ್ತದೆ. ಕಾಂಕ್ರೀಟ್ ಗೋಡೆ ಕಟ್ಟುವವರೆಗೆ ಕೆಲವು ತಿಂಗಳು ನೀರು ತಡೆಯಲು ಅದು ಸಾಕು. ಶಾಶ್ವತ ಆಧಾರವೆಂದು ಅದನ್ನು ನಂಬಬಾರದು.

ಇಂಗಿಸಲಾಗದ ಮಣ್ಣಿಗೆ ಇರುವ ದಾರಿ ಜೆಟ್ ಗ್ರೌಟಿಂಗ್. 1970ರ ಸುಮಾರಿಗೆ ಜಪಾನಿನಲ್ಲಿ ಬೆಳೆದ ಈ ವಿಧಾನದಲ್ಲಿ ಸಂದಿ ಎಷ್ಟಿದೆ ಎಂದು ನೋಡುವ ಗೊಡವೆಯೇ ಇಲ್ಲ, ಮಣ್ಣನ್ನೇ ಒಡೆದು ಸಿಮೆಂಟಿನ ಜೊತೆ ಕಲಸುತ್ತಾರೆ. ಸಲಾಕೆಯನ್ನು ತಳದವರೆಗೆ ಕೊರೆದು ಇಳಿಸಿ, ಅದರ ಪಕ್ಕದಲ್ಲಿರುವ ಕೆಲವೇ ಮಿ.ಮೀ. ಅಗಲದ ನಾಜಲ್‌ನಿಂದ ಸಿಮೆಂಟು ಹಾಲನ್ನು ಸುಮಾರು 400 ಬಾರ್ ಒತ್ತಡದಲ್ಲಿ ಚಿಮ್ಮಿಸುತ್ತಾರೆ. ಆ ಧಾರೆಯ ವೇಗ ಸೆಕೆಂಡಿಗೆ 200 ಮೀಟರಿಗೂ ಹೆಚ್ಚು. ಸಲಾಕೆ ತಿರುಗುತ್ತ ನಿಧಾನವಾಗಿ ಮೇಲೆ ಬಂದಂತೆ ಕೆಳಗೆ ಮಣ್ಣು-ಸಿಮೆಂಟಿನ ಕಂಬ ನಿಲ್ಲುತ್ತದೆ. ಬರೀ ಗ್ರೌಟಾದರೆ ಕಂಬದ ಅಗಲ 60–80 ಸೆಂ.ಮೀ. ಧಾರೆಯ ಸುತ್ತ ಗಾಳಿಯ ಹೊದಿಕೆ ಕೊಟ್ಟರೆ ಒಂದು ಮೀಟರ್ ದಾಟುತ್ತದೆ. ಇಲ್ಲಿ ನುಣ್ಣನೆಯ ಸಿಮೆಂಟು ಬೇಕಿಲ್ಲ, ಸಾಮಾನ್ಯ ಸಿಮೆಂಟೇ ಸಾಕು. ಹಗುರವಾದ ಮರಳು ಸುಲಭವಾಗಿ ಒಡೆಯುತ್ತದೆ. ಗಟ್ಟಿ ಜೇಡಿಮಣ್ಣು ಒಡೆಯದೆ ಕಂಬ ಕಿರಿದಾಗುತ್ತದೆ. ಸಾವಯವ ಅಂಶ ಹೆಚ್ಚಿರುವ ಕಪ್ಪು ಕೆಸರಿನಲ್ಲಿ ಸಿಮೆಂಟು ಸರಿಯಾಗಿ ಗಟ್ಟಿಯಾಗುವುದಿಲ್ಲ.

ಒಂದು ಹೊಂಡದ ಲೆಕ್ಕ ಹಾಕೋಣ. 12 ಮೀಟರ್ ಆಳ ಅಗೆಯಬೇಕು, ನೀರು ಎರಡನೇ ಮೀಟರಿಗೇ ಸಿಗುತ್ತದೆ, ಸುತ್ತ ಗೋಡೆಯಿದೆ, ತಳದಲ್ಲಿ ಗೋಡು ಬೆರೆತ ಮರಳು. ತಳವನ್ನು ಜೆಟ್ ಕಂಬಗಳಿಂದ ಮುಚ್ಚಬೇಕು. 12 ಮೀಟರಿನ ಕೆಳಗೇ ಮುಚ್ಚಿದರೆ ಸಾಲದೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಸಾಲದು. ಮುಚ್ಚಳದ ಅಡಿಯನ್ನು ನೀರು ಮೇಲಕ್ಕೆ ಒತ್ತುತ್ತದೆ. 22 ಮೀಟರ್ ಆಳದಲ್ಲಿ ಆ ಒತ್ತಡ ಚದರ ಮೀಟರಿಗೆ 20 ಟನ್. ಅದರ ಮೇಲೆ ಹೊಂಡದ ತಳದವರೆಗೆ ಉಳಿಯುವ 10 ಮೀಟರ್ ಒದ್ದೆ ಮಣ್ಣಿನ ತೂಕವೂ ಘನ ಮೀಟರಿಗೆ 2 ಟನ್ನಿನಂತೆ 20 ಟನ್ನೇ. ಎರಡೂ ಸಮ, ಅಂದರೆ ಅಂಚಿನಲ್ಲಿ ನಿಂತಂತೆ. 24 ಮೀಟರಿಗೆ ಇಳಿಸಿದರೆ ಕೆಳಗಿನಿಂದ 22, ಮೇಲಿನಿಂದ 24 ಟನ್. ಈಗ ಸ್ವಲ್ಪ ಧೈರ್ಯ. ಹೊಂಡ ಕಿರಿದಾಗಿದ್ದು ಮುಚ್ಚಳ ಗೋಡೆಗೆ ಭದ್ರವಾಗಿ ಕಚ್ಚಿಕೊಂಡಿದ್ದರೆ ಇಷ್ಟು ಆಳ ಬೇಡ, ಆದರೆ ಆ ಹಿಡಿತವನ್ನು ಲೆಕ್ಕದಲ್ಲಿ ತೋರಿಸಬೇಕು.

ಈಗ ಕಂಬಗಳ ಜೋಡಣೆ. 1.2 ಮೀಟರ್ ಅಗಲದ ಕಂಬಗಳನ್ನು 90 ಸೆಂ.ಮೀ. ಅಂತರದಲ್ಲಿ ತ್ರಿಕೋನವಾಗಿ ನಿಲ್ಲಿಸಿದರೆ ಕಾಗದದ ಮೇಲೆ ಎಲ್ಲವೂ ಮುಚ್ಚಿರುತ್ತದೆ. ಮೂರು ಕಂಬಗಳ ನಡುವಿನ ಬಿಂದು ಪ್ರತಿ ಕಂಬದ ಕೇಂದ್ರದಿಂದ 52 ಸೆಂ.ಮೀ. ದೂರ, ಕಂಬದ ತ್ರಿಜ್ಯ 60. ಉಳಿದ ಅವಕಾಶ ಬರೀ 8 ಸೆಂ.ಮೀ. ಸಲಾಕೆ ಇಳಿಯುವಾಗ ನೂರಕ್ಕೆ ಒಂದರಷ್ಟು ವಾಲಿದರೂ 24 ಮೀಟರಿನ ತಳದಲ್ಲಿ 24 ಸೆಂ.ಮೀ. ಆಚೆ ಹೋಗುತ್ತದೆ, ಅಲ್ಲಿ ಕಿಂಡಿ ಉಳಿಯುತ್ತದೆ. ಜೆಟ್ ಗ್ರೌಟಿಂಗಿನ ಹೆಚ್ಚಿನ ಸೋಲುಗಳಿಗೆ ಸಿಮೆಂಟು ಕಾರಣವಲ್ಲ, ಈ ವಾಲುವಿಕೆ ಕಾರಣ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಪ್ರತಿ ತೂತಿನ ಓರೆಯನ್ನು ಅಳೆದು, ನಿಜವಾದ ಕೇಂದ್ರಗಳನ್ನು ನಕ್ಷೆಯ ಮೇಲೆ ಮತ್ತೆ ಗುರುತಿಸಿ, ಕಿಂಡಿ ಕಂಡಲ್ಲಿ ಹೆಚ್ಚುವರಿ ಕಂಬ ಹಾಕಬೇಕು. ಮೊದಲೇ ಅಂತರ ಕಡಿಮೆ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ಕೆಲಸ ನಡೆಯುವಾಗ ಕಣ್ಣಿಡಬೇಕಾದದ್ದು ಸಲಾಕೆಯ ಸುತ್ತ ಮೇಲೆ ಉಕ್ಕಿ ಬರುವ ರಾಡಿಯ ಮೇಲೆ. ಅದು ಎಡೆಬಿಡದೆ ಬರುತ್ತಿರಬೇಕು. ನಿಂತಿತೆಂದರೆ ದಾರಿ ಕಟ್ಟಿದೆ, ಒಳಗಿನ ಒತ್ತಡ ಪಕ್ಕದ ಮನೆಯ ಪಾಯವನ್ನೇ ಎತ್ತಬಹುದು. ಆ ಕ್ಷಣವೇ ಪಂಪು ನಿಲ್ಲಿಸಬೇಕು. ಕಂಬದ ನಿಜವಾದ ಅಗಲ ತಿಳಿಯಲು ಆರಂಭದಲ್ಲಿ ಒಂದೆರಡು ಪ್ರಯೋಗದ ಕಂಬಗಳನ್ನು ಹಾಕಿ ಅಗೆದು ನೋಡುತ್ತಾರೆ. ಕೊನೆಯ ಪರೀಕ್ಷೆ, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ನಂಬಬಹುದಾದದ್ದು, ಅಗೆಯುವ ಮೊದಲೇ ಗೋಡೆಯೊಳಗಿನ ನೀರನ್ನು ಪಂಪು ಮಾಡಿ ಒಳಗೆ ಎಷ್ಟು ಸೋರುತ್ತದೆ ಎಂದು ಅಳೆಯುವುದು. ಬರ್ಲಿನ್ನಿನಲ್ಲಿ ನೀರು ತಾಗುವ 1,000 ಚದರ ಮೀಟರಿಗೆ ಸೆಕೆಂಡಿಗೆ 1.5 ಲೀಟರ್ ಎಂಬುದು ರೂಢಿಯ ಮಿತಿ. ಮಣ್ಣು ತುಂಬಿರುವಾಗ ಸಿಕ್ಕ ಸೋರಿಕೆಯನ್ನು ಸರಿಪಡಿಸಬಹುದು. ಹೊಂಡ ತೆರೆದಮೇಲೆ ನೀರಿನ ಜೊತೆ ಮರಳೂ ಬರತೊಡಗಿದರೆ ಹೊರಗಿನ ರಸ್ತೆ ಕುಸಿಯುತ್ತದೆ.

ಹಲ್ಲಾಂಡ್ಸೋಸ್ ಪ್ರಕರಣಕ್ಕೆ ಒಂದು ವಿಚಿತ್ರ ಬಾಲವೂ ಇದೆ. ಕೆಲಸಗಾರರ ರಕ್ತವನ್ನು ಹೋಲಿಸಲು ಬೇರೆ ಊರಿನವರ ರಕ್ತವನ್ನೂ ಪರೀಕ್ಷಿಸಿದಾಗ ಅವರಲ್ಲೂ ಅಕ್ರಿಲಮೈಡಿನ ಗುರುತು ಸಿಕ್ಕಿತು. ಆ ಜಾಡು ಹಿಡಿದು ಹೋದ ಸ್ಟಾಕ್‌ಹೋಮಿನ ವಿಜ್ಞಾನಿಗಳು, ಕರಿದ ಆಲೂಗಡ್ಡೆ ಚಿಪ್ಸಿನಂಥ ತಿನಿಸುಗಳಲ್ಲಿ ಅದು ತಾನಾಗಿಯೇ ಹುಟ್ಟುತ್ತದೆ ಎಂದು 2002ರಲ್ಲಿ ಜಗತ್ತಿಗೆ ತಿಳಿಸಿದರು. ಸುರಂಗದಲ್ಲಿ ರೈಲು ಓಡಿದ್ದು 2015ರ ಡಿಸೆಂಬರಿನಲ್ಲಿ, ಕೆಲಸ ಶುರುವಾದ 23 ವರ್ಷಗಳ ಮೇಲೆ.

ನಿಮ್ಮ ಬೀದಿಯಲ್ಲಿ ಇಂಥ ಕಾಮಗಾರಿ ಬಂದರೆ ಎರಡು ವಿಷಯ ಕೇಳಿ ತಿಳಿದುಕೊಳ್ಳಿ. ನೆಲಕ್ಕೆ ಇಳಿಸುತ್ತಿರುವುದು ಸಿಮೆಂಟೋ, ಸಿಲಿಕೇಟೋ, ಬೇರೆ ರಾಸಾಯನಿಕವೋ? ಪಕ್ಕದ ಮನೆಗಳ ಏರಿಳಿತವನ್ನು ಯಾರು ಅಳೆಯುತ್ತಿದ್ದಾರೆ? ಬಾವಿ ಅಥವಾ ಕೊಳವೆಬಾವಿ ಇದ್ದರೆ ಕೆಲಸ ಶುರುವಾಗುವ ಮೊದಲೇ ನೀರಿನ ಪರೀಕ್ಷೆ ಮಾಡಿಸಿ ವರದಿ ಇಟ್ಟುಕೊಳ್ಳಿ. ನೀರು ಹಾಲಿನಂತೆ ಬೆಳ್ಳಗಾದರೆ ಅಥವಾ ಮುಟ್ಟಿದಾಗ ಸೋಪಿನಂತೆ ಜಾರಿದರೆ ಕುಡಿಯುವುದನ್ನು ನಿಲ್ಲಿಸಿ, ಮತ್ತೊಮ್ಮೆ ಪರೀಕ್ಷೆ ಮಾಡಿಸಿ. ಬಣ್ಣ, ವಾಸನೆ ಬದಲಾಗಿಲ್ಲವೆಂದು ಮಾತ್ರ ಸುಮ್ಮನಿರಬೇಡಿ. ನೀರಿನಲ್ಲಿ ಕರಗಿದ ಅಕ್ರಿಲಮೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.