ಫೋನ್ ಓದಿ ಹೇಳುವಾಗ ಇಮೋಜಿ ಏನಾಗುತ್ತದೆ?

ನಾವು ಕಳಿಸುವ ಮೆಸೇಜ್‌ಗಳನ್ನು ಎಲ್ಲರೂ ಕಣ್ಣಿಂದಲೇ ಓದುತ್ತಾರೆ ಅಂತ ಅಂದುಕೊಂಡಿರುತ್ತೇವೆ. ಆದರೆ ಕಾರು ಓಡಿಸುತ್ತಿರುವವರಿಗೆ ಬಂದ ವಾಟ್ಸಾಪ್ ಮೆಸೇಜನ್ನು ಕಾರಿನ ಸ್ಪೀಕರ್ ಓದಿ ಹೇಳುತ್ತದೆ. ಅಡುಗೆಮನೆಯಲ್ಲಿ ಕೈ ಹಿಟ್ಟಾಗಿರುವವರಿಗೆ ಇಯರ್‌ಫೋನ್ ಓದುತ್ತದೆ. ದೃಷ್ಟಿ ಇಲ್ಲದವರಿಗೆ ಆಂಡ್ರಾಯ್ಡ್‌ನ ಟಾಕ್‌ಬ್ಯಾಕ್, ಐಫೋನ್‌ನ ವಾಯ್ಸ್‌ಓವರ್, ಕಂಪ್ಯೂಟರಿನ ಎನ್‌ವಿಡಿಎ ಇಡೀ ದಿನ ಓದುತ್ತವೆ. ಇವೆಲ್ಲ ಅಕ್ಷರ ಸಿಕ್ಕರೆ ಅಕ್ಷರ ಓದುತ್ತವೆ. ಇಮೋಜಿ ಸಿಕ್ಕರೆ?

ಇಮೋಜಿಯ ಹೆಸರು ಓದುತ್ತವೆ. ಪ್ರತಿ ಇಮೋಜಿಗೂ ಯೂನಿಕೋಡ್ ಸಂಸ್ಥೆ ಒಂದು ಚಿಕ್ಕ ಹೆಸರು ಇಟ್ಟಿದೆ. ಸಿಎಲ್‌ಡಿಆರ್ ಎಂಬ ಅದರ ಭಂಡಾರದಲ್ಲಿ ಆ ಹೆಸರುಗಳು ಕನ್ನಡವೂ ಸೇರಿ ಹತ್ತಾರು ಭಾಷೆಗಳಲ್ಲಿವೆ. ಫೋನಿನ ಧ್ವನಿ ಕನ್ನಡದ್ದಾದರೆ ಕನ್ನಡ ಹೆಸರು ಬರಬಹುದು, ಇಲ್ಲವಾದರೆ ಇಂಗ್ಲಿಷ್ ಹೆಸರು. ಆದರೆ ಯಾವ ಭಾಷೆಯಲ್ಲೇ ಇರಲಿ, ಆ ಹೆಸರು ಚಿತ್ರವನ್ನು ವರ್ಣಿಸುತ್ತದೆ, ನಿಮ್ಮ ಮನಸ್ಸಿನಲ್ಲಿರುವುದನ್ನಲ್ಲ. 🙏 ಇದರ ಇಂಗ್ಲಿಷ್ ಹೆಸರು ‘ಫೋಲ್ಡೆಡ್ ಹ್ಯಾಂಡ್ಸ್’, ಅಂದರೆ ಜೋಡಿಸಿದ ಕೈಗಳು. ನೀವು ನಮಸ್ಕಾರ ಅಂದಿರಿ, ಥ್ಯಾಂಕ್ಸ್ ಅಂದಿರಿ, ದಯವಿಟ್ಟು ಅಂದಿರಿ, ಓಂ ಶಾಂತಿ ಅಂದಿರಿ, ಕೇಳುವವರಿಗೆ ಬರುವುದು ಅದೇ ಎರಡು ಶಬ್ದ.

ಇದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ನನಗೆ ಸರಿಯಾಗಿ ತಿಳಿದದ್ದು 2024ರ ಏಪ್ರಿಲ್‌ನಲ್ಲಿ. ನಮ್ಮ ಲಚ್ಯಾಣದಲ್ಲಿ ಒಂದು ಪುಟ್ಟ ಮಗು ಹೊಲದ ಕೊಳವೆಬಾವಿಗೆ ಬಿದ್ದದ್ದು ನಿಮಗೂ ನೆನಪಿರಬಹುದು. 3ರ ಸಂಜೆ ಬಿದ್ದ ಮಗುವನ್ನು ಮರುದಿನ ಮಧ್ಯಾಹ್ನ, ಸುಮಾರು 20 ಗಂಟೆ ಆದಮೇಲೆ, ಜೀವಂತ ಹೊರತೆಗೆದರು. ಆ ರಾತ್ರಿ ಊರಿನವರು ಎಲ್ಲೆಲ್ಲಿದ್ದರೋ ಅಲ್ಲೆಲ್ಲ ಫೋನ್ ಹಿಡಿದೇ ಕೂತಿದ್ದರು. ಸೊಲ್ಲಾಪುರದಲ್ಲಿರುವ ನಮ್ಮ ಸೋದರಮಾವ ಕೂಡ. ಅವರಿಗೆ ಕಣ್ಣು ಕಾಣುವುದಿಲ್ಲ, ನಿವೃತ್ತ ಮಾಸ್ತರು, ಎಲ್ಲವನ್ನೂ ಟಾಕ್‌ಬ್ಯಾಕ್‌ನಲ್ಲೇ ಕೇಳುತ್ತಾರೆ. ಮನೆಮಂದಿಯ ಗ್ರೂಪಿಗೆ ಒಬ್ಬ ತಮ್ಮ ಹಾಕಿದ ಮೆಸೇಜ್ ಇಷ್ಟೇ:

“ಮಗು ಹೊರಗ ಬಂತು 😭😭😭🙏🙏”

ನೋಡಿದವರಿಗೆ ಅದು ಆನಂದಬಾಷ್ಪ. ಮಾಮಾನ ಫೋನ್ ಓದಿದ್ದು ಹೀಗೆ: “ಮಗು ಹೊರಗ ಬಂತು ಲೌಡ್ಲಿ ಕ್ರೈಯಿಂಗ್ ಫೇಸ್, ಲೌಡ್ಲಿ ಕ್ರೈಯಿಂಗ್ ಫೇಸ್, ಲೌಡ್ಲಿ ಕ್ರೈಯಿಂಗ್ ಫೇಸ್, ಫೋಲ್ಡೆಡ್ ಹ್ಯಾಂಡ್ಸ್, ಫೋಲ್ಡೆಡ್ ಹ್ಯಾಂಡ್ಸ್.” ಗೊಳೋ ಅಂತ ಅಳುವ ಮುಖ ಮೂರು ಸಲ, ಕೈಮುಗಿದದ್ದು ಎರಡು ಸಲ. ಮಾಮಾ ನನಗೆ ಫೋನ್ ಮಾಡಿ, “ಹೊರಗ ಬಂತು ಅಂದ್ರ ಹೆಂಗ ಬಂತವ್ವಾ? ಇದು ಬರೇ ಅಳಾಕ ಹತ್ತೇತಲ್ಲ” ಅಂದರು. ಅವರ ದನಿ ನಡುಗುತ್ತಿತ್ತು. ಮಗು ಜೀವಂತ ಇದೆ ಅಂತ ನಾನು ಹೇಳುವ ತನಕ ಅವರು ಬೇರೆಯೇ ಅರ್ಥ ಮಾಡಿಕೊಂಡು ಕೂತಿದ್ದರು.

ಈಗ ಆ ಮೆಸೇಜನ್ನೇ ಬಿಡಿಸಿ ನೋಡೋಣ. ಅದರಲ್ಲಿ ಬಹಳ ಮುಖ್ಯವಾದ ಶಬ್ದ ‘ಜೀವಂತ’. ಅದೊಂದೇ ಇಲ್ಲ. ಆ ಕೆಲಸವನ್ನು ಇಮೋಜಿಗೆ ಬಿಟ್ಟಿದ್ದಾರೆ. ಇಮೋಜಿಯೋ ಅಳು ಅಂತ ಮಾತ್ರ ಹೇಳಬಲ್ಲದು, ಯಾವ ಅಳು ಅಂತ ಹೇಳಲಾರದು. ಇನ್ನೊಂದು, ‘ಬಂತು’ ಆದಮೇಲೆ ಪೂರ್ಣವಿರಾಮವಿಲ್ಲ. ಓದುವ ಧ್ವನಿ ಉಸಿರು ನಿಲ್ಲಿಸುವುದು ವಿರಾಮಚಿಹ್ನೆ ನೋಡಿ. ಅದಿಲ್ಲದಿದ್ದರೆ ಇಮೋಜಿಯ ಹೆಸರು ವಾಕ್ಯದ ಮುಂದಿನ ಶಬ್ದದ ಹಾಗೆ ಅಂಟಿಕೊಂಡು ಬರುತ್ತದೆ. ಇದನ್ನೇ ಹೀಗೆ ಬರೆದಿದ್ದರೆ:

“ಮಗು ಜೀವಂತ ಹೊರಗ ಬಂತು. ಆಸ್ಪತ್ರೆಗೆ ಕರ್ಕೊಂಡು ಹೋಗ್ಯಾರ. 🙏”

ಇಲ್ಲಿ ಸುದ್ದಿ ಪೂರ್ತಿ ಅಕ್ಷರದಲ್ಲಿದೆ. ಕೊನೆಗೊಂದು ಕೈಮುಗಿಯುವುದು ಕೇಳಿಸಿದರೂ ಅರ್ಥ ಕೆಡುವುದಿಲ್ಲ, ಕೇಳಿಸದಿದ್ದರೂ ಕೆಡುವುದಿಲ್ಲ. ‘ಕೇಳಿಸದಿದ್ದರೂ’ ಅಂದೆನಲ್ಲ, ಅದು ಮುಖ್ಯ. ಕೆಲವು ಧ್ವನಿಗಳು, ಕೆಲವು ಸೆಟ್ಟಿಂಗ್‌ಗಳು ಇಮೋಜಿಯನ್ನು ಓದದೆ ದಾಟಿಸಿಬಿಡುತ್ತವೆ. “ನೀನ ಬಾಳ ಶಾಣ್ಯಾ 😜” ಅಂತ ಕಳಿಸಿದರೆ ಚೇಷ್ಟೆ ಮಾಯವಾಗಿ ಬರೀ ಕುಟುಕು ಉಳಿಯುತ್ತದೆ. ಹಾಗಾಗಿ ಮೆಸೇಜನ್ನು ಎರಡು ಸಲ ಮನಸ್ಸಿನಲ್ಲಿ ಓದಬೇಕು: ಇಮೋಜಿಯ ಹೆಸರು ಸೇರಿಸಿ ಒಮ್ಮೆ, ಇಮೋಜಿ ಪೂರಾ ತೆಗೆದು ಒಮ್ಮೆ. ಎರಡರಲ್ಲೂ ಅದೇ ಅರ್ಥ ಬಂದರೆ ಕಳಿಸಿ.

ನಮ್ಮ ಕನ್ನಡದಂಥ ಭಾಷೆಗಳಲ್ಲಿ ಇನ್ನೊಂದು ತೊಂದರೆಯಿದೆ. ನಾವು ವಿಭಕ್ತಿಯನ್ನು ಶಬ್ದದ ಬಾಲಕ್ಕೆ ಹಚ್ಚುತ್ತೇವೆ. ಶಬ್ದದ ಬದಲು ಚಿತ್ರ ಇಟ್ಟರೆ ಆ ಬಾಲ ಗಾಳಿಯಲ್ಲಿ ನೇತಾಡುತ್ತದೆ. “ನಾಳೆ 🚂ಗೆ ಬರ್ತೀನಿ, 🏠ದಾಗ ಇರ್ರಿ” ಅಂತ ಹುಡುಗರು ಬರೆಯುತ್ತಾರೆ. ನೋಡಲು ಮಜಾ. ಕೇಳಲು: “ನಾಳೆ ಲೊಕೊಮೋಟಿವ್ ಗೆ ಬರ್ತೀನಿ, ಹೌಸ್ ದಾಗ ಇರ್ರಿ.” 🚂 ಇದರ ಹೆಸರು ಟ್ರೇನ್ ಅಲ್ಲ, ಲೊಕೊಮೋಟಿವ್! ಲಚ್ಯಾಣ ಸ್ಟೇಷನ್ನಿಗೆ ಎಂಜಿನ್ ಒಂದೇ ಬರುತ್ತದೆಯೇನೋ ಅನ್ನಿಸಬೇಕು. ಇಮೋಜಿ ಶಬ್ದದ ಜಾಗದಲ್ಲಿ ಕೂರದೆ, ವಾಕ್ಯ ಮುಗಿದ ಮೇಲೆ ಬರಲಿ.

ಚರ್ಮದ ಬಣ್ಣ ಬದಲಿಸಿದ ಇಮೋಜಿಯ ಹೆಸರು ಇನ್ನೂ ಉದ್ದ. ಹಳದಿ ಬಣ್ಣದ 👍 ಬರೀ ‘ಥಂಬ್ಸ್ ಅಪ್’. ಬಣ್ಣ ಹಚ್ಚಿದ 👍🏽 ‘ಥಂಬ್ಸ್ ಅಪ್, ಮೀಡಿಯಂ ಸ್ಕಿನ್ ಟೋನ್’. ಅಂಥವು ನಾಲ್ಕು ಒತ್ತಿದರೆ ಕೇಳುವವರು ಆ ಮಾತನ್ನು ನಾಲ್ಕು ಸಲ ಸಹಿಸಬೇಕು. ಬಣ್ಣ ನಿಮ್ಮ ಗುರುತು ಅನ್ನಿಸಿದರೆ ಖಂಡಿತ ಇರಲಿ, ಆದರೆ ಒಂದು ಸಾಕು. ಸಾಲುಸಾಲಾಗಿ ಒಂದೇ ಇಮೋಜಿ ಬಂದಾಗ ಎಣಿಸಿ ಒಟ್ಟಿಗೆ ಹೇಳುವ ಜಾಣತನ ಎಲ್ಲ ಫೋನ್‌ಗಳಿಗೂ ಇಲ್ಲ.

ಅಂದಹಾಗೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವವರಿಗೂ ಒಂದು ಮಾತು. “Nale banni” ಅಂತ ಬರೆದರೆ ಇಂಗ್ಲಿಷ್ ಧ್ವನಿ ಅದನ್ನು ಇಂಗ್ಲಿಷ್ ಶಬ್ದದಂತೆಯೇ ಉಚ್ಚರಿಸಿ, ಗುರುತೇ ಸಿಗದ ಹಾಗೆ ಮಾಡುತ್ತದೆ. ಕನ್ನಡ ಲಿಪಿಯಲ್ಲಿ ಬರೆದರೆ ಕನ್ನಡ ಧ್ವನಿ ಚೆನ್ನಾಗಿ ಓದುತ್ತದೆ. ಆದರೆ ಕೇಳುವವರ ಫೋನಿನಲ್ಲಿ ಕನ್ನಡ ಧ್ವನಿ ಇಳಿಸಿಕೊಂಡಿರಬೇಕು. ಇಲ್ಲದಿದ್ದರೆ ಕನ್ನಡ ಅಕ್ಷರಗಳನ್ನೆಲ್ಲ ಬಿಟ್ಟು ಇಮೋಜಿಯ ಹೆಸರನ್ನಷ್ಟೇ ಓದಿ ಸುಮ್ಮನಾಗುವುದೂ ಉಂಟು. ಮನೆಯ ಹಿರಿಯರ ಫೋನಿನಲ್ಲಿ ಇದನ್ನು ಒಮ್ಮೆ ನೋಡಿ ಸರಿಮಾಡಿಕೊಡಿ.

ನಿಮ್ಮ ಮೆಸೇಜ್ ಹೇಗೆ ಕೇಳಿಸುತ್ತದೆ ಅಂತ ನೀವೇ ಪರೀಕ್ಷೆ ಮಾಡಬಹುದು. ಆಂಡ್ರಾಯ್ಡ್‌ನಲ್ಲಿ Settings ಒಳಗಿನ Accessibilityಗೆ ಹೋಗಿ Select to Speak ಚಾಲೂ ಮಾಡಿ, ಅದರ ಶಾರ್ಟ್‌ಕಟ್ ಒತ್ತಿ, ಆಮೇಲೆ ಮೆಸೇಜ್ ಮೇಲೆ ಒತ್ತಿದರೆ ಓದುತ್ತದೆ. ಐಫೋನ್‌ನಲ್ಲಿ ಅದೇ Accessibility ಒಳಗೆ Speak Selection ಇದೆ. ಚಾಲೂ ಮಾಡಿದ ಮೇಲೆ ಬರಹ ಆರಿಸಿ Speak ಒತ್ತಬೇಕು. ನಿಮ್ಮ ಗ್ರೂಪಿನ ನಿನ್ನೆಯ ಹುಟ್ಟುಹಬ್ಬದ ಶುಭಾಶಯಗಳನ್ನು ಹಾಗೆ ಕೇಳಿಸಿಕೊಳ್ಳಿ. ಕೇಕು, ಬಲೂನು, ಪಾರ್ಟಿ ಪಾಪರ್ ಎಲ್ಲ ಸರದಿಯಲ್ಲಿ ಬಂದು ಹೋದಮೇಲೆ, ಹುಟ್ಟುಹಬ್ಬ ಯಾರದು ಅಂತ ಹುಡುಕಬೇಕಾಗುತ್ತದೆ.