ಅರವತ್ತು ಡಿಗ್ರಿ ಓರೆಯಾದರೂ ಉತ್ತರ ಎರಡೇ

1922ರ ಫೆಬ್ರವರಿಯಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಿಂದ ವಾಲ್ಟರ್ ಗೆರ್ಲಾಖ್ ಅವರು ನೀಲ್ಸ್ ಬೋರ್ ಅವರಿಗೆ ಒಂದು ಪೋಸ್ಟ್‌ಕಾರ್ಡ್ ಕಳಿಸಿದರು. ಅದರಲ್ಲಿದ್ದದ್ದು ಗಾಜಿನ ಫಲಕವೊಂದರ ಎರಡು ಚಿತ್ರಗಳು. ಒಂದರಲ್ಲಿ ತೆಳುವಾದ ಒಂದೇ ಗೆರೆ. ಇನ್ನೊಂದರಲ್ಲಿ ಆ ಗೆರೆ ನಡುವೆ ಸೀಳಿ, ಅರೆತೆರೆದ ತುಟಿಗಳ ಹಾಗೆ ಎರಡಾಗಿತ್ತು. ಸೀಳಿನ ಅಗಲ ಸುಮಾರು 0.2 ಮಿಲಿಮೀಟರ್ ಅಷ್ಟೆ.

ಒಟ್ಟೊ ಸ್ಟರ್ನ್ ಮತ್ತು ಗೆರ್ಲಾಖ್ ನಡೆಸಿದ ಆ ಪ್ರಯೋಗದಲ್ಲಿ ಬೆಳ್ಳಿಯನ್ನು ಕುಲುಮೆಯಲ್ಲಿ ಕಾಯಿಸಿ, ಆವಿಯಾಗಿ ಹೊಮ್ಮುವ ಪರಮಾಣುಗಳನ್ನು ಸಣ್ಣ ಸೀಳುಗಂಡಿಗಳ ಮೂಲಕ ಹಾಯಿಸಿ ಒಂದು ತೆಳು ಧಾರೆಯಾಗಿಸುತ್ತಿದ್ದರು. ಈ ಧಾರೆ ಒಂದು ವಿಶೇಷ ಅಯಸ್ಕಾಂತದ ಧ್ರುವಗಳ ನಡುವೆ ಹಾದುಹೋಗುತ್ತಿತ್ತು. ಒಂದು ಧ್ರುವ ಕತ್ತಿಯಂಚಿನ ಹಾಗೆ ಚೂಪು, ಎದುರಿನದು ಚಪ್ಪಟೆ ಇಲ್ಲವೇ ತೋಡು ಕೊರೆದದ್ದು. ಹಾಗಾಗಿ ಕಾಂತಕ್ಷೇತ್ರ ಚೂಪಂಚಿನ ಬಳಿ ಪ್ರಬಲ, ದೂರ ಹೋದಂತೆ ದುರ್ಬಲ. ಅಂಥ ಕ್ಷೇತ್ರದಲ್ಲಿ ಪ್ರತಿ ಪರಮಾಣುವೂ ಪುಟ್ಟ ಅಯಸ್ಕಾಂತದಂತೆ ವರ್ತಿಸಿ ಮೇಲಕ್ಕೋ ಕೆಳಕ್ಕೋ ತಳ್ಳಿಸಿಕೊಳ್ಳುತ್ತದೆ. ಎಷ್ಟು ತಳ್ಳು ಸಿಗುತ್ತದೆ ಎಂಬುದು ಆ ಪುಟ್ಟ ಅಯಸ್ಕಾಂತ ಕ್ಷೇತ್ರದ ದಿಕ್ಕಿನಲ್ಲಿ ಎಷ್ಟು ವಾಲಿದೆ ಎಂಬುದನ್ನು ಅವಲಂಬಿಸಿದೆ. ಕುಲುಮೆಯಿಂದ ಬರುವ ಪರಮಾಣುಗಳು ಎಲ್ಲ ದಿಕ್ಕಿಗೂ ವಾಲಿರುತ್ತವೆ. ಹಳೆಯ ಭೌತವಿಜ್ಞಾನದ ಪ್ರಕಾರ ಫಲಕದ ಮೇಲೆ ಒಂದೇ ಅಗಲವಾದ ಪಟ್ಟೆ ಬೀಳಬೇಕಿತ್ತು. ಬಿದ್ದದ್ದು ಎರಡು ಗೆರೆ, ನಡುವೆ ಖಾಲಿ.

ಆ ಎರಡು ಗೆರೆಗಳಿಗೆ ಕಾರಣ ಬೆಳ್ಳಿಯ ಪರಮಾಣುವಿನ ಹೊರಕವಚದಲ್ಲಿರುವ ಒಂಟಿ ಎಲೆಕ್ಟ್ರಾನಿನ ಸ್ಪಿನ್ ಎಂದು ಈಗ ನಮಗೆ ಗೊತ್ತು. 1922ರಲ್ಲಿ ಅದು ಗೊತ್ತಿರಲಿಲ್ಲ. ಸ್ಪಿನ್ ಎಂಬ ಕಲ್ಪನೆಯನ್ನು ಉಲೆನ್‌ಬೆಕ್ ಮತ್ತು ಗೌಡ್‌ಸ್ಮಿಟ್ ಮುಂದಿಟ್ಟದ್ದು 1925ರಲ್ಲಿ. ಯಾವ ದಿಕ್ಕಿನಲ್ಲಿ ಅಳೆದರೂ ಈ ಸ್ಪಿನ್ನಿನ ಬೆಲೆ +ħ/2 ಅಥವಾ −ħ/2. ಬೇರೆ ಬೆಲೆ ಸಿಗುವುದಿಲ್ಲ.

ಬಿ.ಎಸ್ಸಿ. ವಿದ್ಯಾರ್ಥಿಗಳು ಇದನ್ನು ಒಂದು ನಿಯಮವಾಗಿ ಕಲಿಯುತ್ತಾರೆ: ಅಳೆಯಬಹುದಾದ ಪ್ರತಿ ಪರಿಮಾಣಕ್ಕೂ ಒಂದು ಆಪರೇಟರ್ ಇದೆ, ಅಳತೆಯಲ್ಲಿ ಸಿಗುವುದು ಅದರ ಐಗನ್ ಮೌಲ್ಯಗಳಲ್ಲೊಂದು. ಐಗನ್ ಮೌಲ್ಯವೆಂದರೆ, ಆಪರೇಟರ್ ಕೆಲವು ವಿಶೇಷ ಸ್ಥಿತಿಗಳ ಮೇಲೆ ವರ್ತಿಸಿದಾಗ ಆ ಸ್ಥಿತಿ ಹಾಗೇ ಉಳಿದು ಅದರ ಮುಂದೆ ಬರುವ ಸಂಖ್ಯೆ. ಆ ವಿಶೇಷ ಸ್ಥಿತಿಗಳಿಗೆ ಐಗನ್ ಸ್ಥಿತಿಗಳೆಂದು ಹೆಸರು. ನಿಯಮವೇನೋ ಚಿಕ್ಕದು. ಅದರೊಳಗೆ ಏನಿದೆ ಎಂದು ತಿಳಿಯಲು ಒಂದು ಲೆಕ್ಕವನ್ನು ಪೂರ್ತಿ ಮಾಡಿ ನೋಡುವುದೇ ಒಳ್ಳೆಯ ದಾರಿ.

ಮೊದಲ ಅಯಸ್ಕಾಂತದಿಂದ ಮೇಲಕ್ಕೆ ಹೋದ ಪರಮಾಣುಗಳನ್ನು ಮಾತ್ರ ಆರಿಸಿಕೊಳ್ಳೋಣ. ಇವುಗಳ ಸ್ಪಿನ್ z ದಿಕ್ಕಿನಲ್ಲಿ ಖಚಿತವಾಗಿ +ħ/2. ಸ್ಥಿತಿಯನ್ನು (1, 0) ಎಂದು ಬರೆಯುತ್ತೇವೆ. ಈಗ ಇವನ್ನು z ದಿಕ್ಕಿಗೆ 60 ಡಿಗ್ರಿ ಓರೆಯಾಗಿಟ್ಟ ಎರಡನೆಯ ಅಯಸ್ಕಾಂತದೊಳಗೆ ಕಳಿಸೋಣ. ಹಳೆಯ ಎಣಿಕೆಯಲ್ಲಿ ಉತ್ತರ ಸುಲಭ: ħ/2 ಉದ್ದದ ಬಾಣವೊಂದನ್ನು 60 ಡಿಗ್ರಿ ಓರೆಯಿಂದ ನೋಡಿದರೆ ಕೊಸೈನ್ ಅರ್ಧ, ಆದ್ದರಿಂದ ಪ್ರತಿ ಪರಮಾಣುವೂ ħ/4 ತೋರಿಸಬೇಕು.

ಆ ಓರೆ ದಿಕ್ಕಿನ ಸ್ಪಿನ್ನಿನ ಆಪರೇಟರ್ ಹೀಗಿದೆ:

```
S = (ħ/2) × | 1/2    √3/2 |
            | √3/2   −1/2 |
```

ħ/2ನ್ನು ಪಕ್ಕಕ್ಕಿಟ್ಟು ಒಳಗಿನ ಮ್ಯಾಟ್ರಿಕ್ಸ್ ನೋಡಿ. ಕರ್ಣದ ಮೇಲಿನ ಸಂಖ್ಯೆಗಳ ಮೊತ್ತ ಸೊನ್ನೆ. ಹಾಗಾಗಿ ಎರಡು ಐಗನ್ ಮೌಲ್ಯಗಳ ಮೊತ್ತವೂ ಸೊನ್ನೆ. ಡಿಟರ್ಮಿನೆಂಟ್ −1/4 − 3/4 = −1; ಅವುಗಳ ಗುಣಲಬ್ಧವೂ ಅಷ್ಟೆ. ಈ ಎರಡಕ್ಕೂ ಹೊಂದುವುದು +1 ಮತ್ತು −1 ಮಾತ್ರ. 60ರ ಬದಲು 17 ಡಿಗ್ರಿ ಇದ್ದರೂ ಮೊತ್ತ ಸೊನ್ನೆಯೇ, ಗುಣಲಬ್ಧ −1 ಆಗಿಯೇ ಇರುತ್ತದೆ. ಅಯಸ್ಕಾಂತವನ್ನು ಹೇಗೆ ತಿರುಗಿಸಿದರೂ ಗೆರೆ ಎರಡೇ ಏಕೆ ಎಂಬುದಕ್ಕೆ ಉತ್ತರ ಈ ಎರಡು ಸಾಲಿನ ಲೆಕ್ಕದಲ್ಲಿದೆ.

ಇನ್ನು ಯಾವ ಗೆರೆಗೆ ಎಷ್ಟು ಪಾಲು? +ħ/2ಕ್ಕೆ ಸೇರಿದ ಐಗನ್ ಸ್ಥಿತಿ (√3/2, 1/2), −ħ/2ಕ್ಕೆ ಸೇರಿದ್ದು (−1/2, √3/2). ನಮ್ಮ (1, 0) ಸ್ಥಿತಿಯಲ್ಲಿ ಮೊದಲನೆಯದರ ಅಂಶ √3/2, ಎರಡನೆಯದರದು −1/2. ವರ್ಗ ಮಾಡಿದರೆ ಸಂಭವನೀಯತೆ: 3/4 ಮತ್ತು 1/4. ಸಾವಿರ ಪರಮಾಣು ಕಳಿಸಿದರೆ ಸುಮಾರು 750 ಒಂದು ಕಡೆ, ಸುಮಾರು 250 ಇನ್ನೊಂದು ಕಡೆ. ಸರಾಸರಿ ತೆಗೆಯಿರಿ: (3/4)(ħ/2) − (1/4)(ħ/2) = ħ/4. ಹಳೆಯ ಎಣಿಕೆ ಹೇಳಿದ್ದ ಸಂಖ್ಯೆಯೇ ಬಂತು! ಆದರೆ ಅದು ಇಡೀ ಗುಂಪಿನ ಸರಾಸರಿ. ಯಾವ ಒಂದು ಪರಮಾಣುವೂ ħ/4 ತೋರಿಸಲಿಲ್ಲ. ಪಠ್ಯಪುಸ್ತಕದಲ್ಲಿ ⟨S⟩ ಎಂದು ಬರೆಯುವುದು ಈ ಸರಾಸರಿಯನ್ನೇ. ಅದನ್ನು ಒಂದು ಅಳತೆಯ ಫಲಿತಾಂಶವೆಂದು ಓದಿಕೊಂಡರೆ ಇಡೀ ವಿಷಯವೇ ತಲೆಕೆಳಗಾಗುತ್ತದೆ.

ಇದಕ್ಕಿಂತ ಆಳವಾಗಿ ಬೇರೂರುವ ತಪ್ಪು ಇನ್ನೊಂದಿದೆ. ಸ್ಥಿತಿಯ ಮೇಲೆ ಆಪರೇಟರನ್ನು ಪ್ರಯೋಗಿಸುವುದೇ ಅಳತೆ ಎಂದು ಎಷ್ಟೋ ವಿದ್ಯಾರ್ಥಿಗಳು ನಂಬಿರುತ್ತಾರೆ. ನಮ್ಮ ಉದಾಹರಣೆಯಲ್ಲೇ ಪರೀಕ್ಷಿಸಬಹುದು. S ಅನ್ನು (1, 0) ಮೇಲೆ ಪ್ರಯೋಗಿಸಿದರೆ ಸಿಗುವುದು ħ/2 × (1/2, √3/2). ಇದು ಮೇಲೆ ಹೇಳಿದ ಎರಡು ಐಗನ್ ಸ್ಥಿತಿಗಳಲ್ಲಿ ಯಾವುದೂ ಅಲ್ಲ. ಎರಡನೆಯ ಅಯಸ್ಕಾಂತದಿಂದ ಹೊರಬರುವ ಯಾವ ಧಾರೆಯಲ್ಲೂ ಈ ಸ್ಥಿತಿಯ ಪರಮಾಣು ಇರುವುದಿಲ್ಲ. ಗುಣಾಕಾರದಿಂದ ಪ್ರತಿ ಸಲವೂ ಒಂದೇ ಉತ್ತರ ಬರುತ್ತದೆ, ಅಳತೆಯಲ್ಲೋ ಎರಡರಲ್ಲೊಂದು ಆಕಸ್ಮಿಕವಾಗಿ ಬರುತ್ತದೆ. ಆಪರೇಟರ್ ಮಾಡುವ ಕೆಲಸ ಬೇರೆ: ಯಾವ ಬೆಲೆಗಳು ಸಾಧ್ಯ, ಯಾವ ಬೆಲೆ ಯಾವ ಸ್ಥಿತಿಗೆ ಸೇರಿದ್ದು ಎಂಬ ಪಟ್ಟಿಯನ್ನು ಅದು ಒಳಗಿಟ್ಟುಕೊಂಡಿದೆ.

ಹಾಗಾದರೆ ಐಗನ್ ಮೌಲ್ಯವೇ ಏಕೆ ಆಗಬೇಕು? ಇದನ್ನು ಸುಮ್ಮನೆ ನಂಬಿಕೊಳ್ಳಬೇಕಾಗಿಲ್ಲ, ಒಂದಿಷ್ಟು ಕಾರಣ ಕೊಡಬಹುದು. ಎರಡನೆಯ ಅಯಸ್ಕಾಂತದಿಂದ ಮೇಲಿನ ಧಾರೆಗೆ ಬಂದ ಪರಮಾಣುಗಳನ್ನು ಹಿಡಿದು, ಅದೇ 60 ಡಿಗ್ರಿ ಓರೆಯ ಮೂರನೆಯ ಅಯಸ್ಕಾಂತಕ್ಕೆ ಕಳಿಸಿದರೆ ಎಲ್ಲವೂ ಮತ್ತೆ ಮೇಲಕ್ಕೇ ಹೋಗುತ್ತವೆ. ಅಳೆದ ತಕ್ಷಣ ಮತ್ತೆ ಅಳೆದರೆ ಅದೇ ಬೆಲೆ, ಚದುರುವಿಕೆ ಸೊನ್ನೆ. ಬೆಲೆ a ಆಗಿದ್ದರೆ, ಚದುರುವಿಕೆಯ ಸೂತ್ರ ⟨(A − a)²⟩. ಅಳತೆಯ ಆಪರೇಟರ್‌ಗಳು ಹರ್ಮಿಷಿಯನ್ ಆದ್ದರಿಂದ ಇದು (A − a)ψ ಎಂಬ ವೆಕ್ಟರಿನ ಉದ್ದದ ವರ್ಗಕ್ಕೆ ಸಮ. ಉದ್ದ ಸೊನ್ನೆಯಾದರೆ ವೆಕ್ಟರೇ ಸೊನ್ನೆ, ಅಂದರೆ Aψ = aψ. ಇದೇ ಐಗನ್ ಸಮೀಕರಣ! ಸರಾಸರಿಯ ಸೂತ್ರವನ್ನೂ, ಮರುಅಳತೆಯಲ್ಲಿ ಅದೇ ಬೆಲೆ ಬರುತ್ತದೆಂಬ ಅನುಭವವನ್ನೂ ಒಪ್ಪಿಕೊಂಡರೆ ಐಗನ್ ಮೌಲ್ಯದ ಹೊರತು ಬೇರೆ ಉತ್ತರಕ್ಕೆ ಜಾಗವೇ ಉಳಿಯುವುದಿಲ್ಲ. ತರಗತಿಯಲ್ಲಿ ಈ ನಾಲ್ಕು ಸಾಲನ್ನು ಕಪ್ಪುಹಲಗೆಯ ಮೇಲೆ ಬರೆಯಲು ಐದು ನಿಮಿಷ ಸಾಕು. ಅದನ್ನು ಬಿಟ್ಟು ನಿಯಮವನ್ನಷ್ಟೇ ಕೊಡುವುದು ವಿದ್ಯಾರ್ಥಿಗಳಿಗೆ ಮಾಡುವ ಅನ್ಯಾಯ ಎಂದೇ ನನ್ನ ಭಾವನೆ.

ಇದಕ್ಕೆ ಮಿತಿಗಳೂ ಇವೆ. ಫ್ರಾಂಕ್‌ಫರ್ಟಿನ ಫಲಕಕ್ಕೆ ಅಂಟಿಕೊಂಡ ಪರಮಾಣುವನ್ನು ಮತ್ತೆ ಅಳೆಯಲಾಗದು. ಮರುಅಳತೆಯ ವಾದ ಹೊಂದುವುದು ಧಾರೆಯನ್ನು ಬೇರ್ಪಡಿಸಿ ಮುಂದೆ ಬಿಡುವ ಏರ್ಪಾಟಿಗೆ. ಸ್ಥಾನದಂಥ ಪರಿಮಾಣದಲ್ಲಿ ಬೆಲೆಗಳು ಬಿಡಿಬಿಡಿಯಾಗಿರದೆ ಒಂದಕ್ಕೊಂದು ಹತ್ತಿಕೊಂಡಿರುತ್ತವೆ. ಅಲ್ಲಿ ಒಂದು ಬೆಲೆಯ ಬದಲು ಒಂದು ಅಂತರದ ಬಗ್ಗೆಯೇ ಮಾತಾಡಬೇಕಾಗುತ್ತದೆ. ಇನ್ನು ಫಲಕದ ಮೇಲಿನ ಗೆರೆಗೂ ಒಂದು ದಪ್ಪವಿದೆ, ಏಕೆಂದರೆ ಕುಲುಮೆಯಿಂದ ಪರಮಾಣುಗಳು ಬೇರೆ ಬೇರೆ ವೇಗದಲ್ಲಿ ಬರುತ್ತವೆ, ನಿಧಾನದವು ಹೆಚ್ಚು ಬಾಗುತ್ತವೆ. ಕಾಂತಕ್ಷೇತ್ರದ ಏರಿಳಿತ ಸಾಲದಿದ್ದರೆ ಎರಡು ಗೆರೆ ಒಂದರ ಮೇಲೊಂದು ಬಿದ್ದು ಮಸುಕಾದ ಒಂದೇ ಪಟ್ಟೆ ಕಾಣುತ್ತದೆ. ಅದು ಉಪಕರಣದ ಮಸುಕೋ, ನಿಜವಾಗಿ ನಡುವಿನ ಬೆಲೆಗಳಿವೆಯೋ ಎಂದು ತಿಳಿಯಲು ಏರಿಳಿತವನ್ನು ಹೆಚ್ಚಿಸುತ್ತ ಹೋಗಬೇಕು. ಬೆಳ್ಳಿಯಲ್ಲಿ ಪಟ್ಟೆ ನಡುವೆ ಬಿರಿದು ಎರಡಾಗುತ್ತದೆ, ನಡುಭಾಗ ಖಾಲಿಯಾಗುತ್ತದೆ. ಒಟ್ಟು ಸ್ಪಿನ್ 1 ಇರುವ ಕಣಗಳನ್ನು ಇದೇ ದಾರಿಯಲ್ಲಿ ಕಳಿಸಿದರೆ ಆಪರೇಟರಿನ ಐಗನ್ ಮೌಲ್ಯಗಳು +ħ, 0, −ħ ಆದ್ದರಿಂದ ಮೂರು ಗೆರೆ ಬರುತ್ತವೆ. ಅಲ್ಲಿ ನಡುವೆ ಬಾಗದೆ ನೇರ ಹೋಗುವ ಕಣಗಳ ಸೊನ್ನೆ, ಬೆಳ್ಳಿಯ ಸರಾಸರಿಯಲ್ಲಿ ಬರುವ ಸೊನ್ನೆಯ ಹಾಗಲ್ಲದೆ, ಒಂದೊಂದು ಕಣವೂ ಕೊಡುವ ನಿಜವಾದ ಉತ್ತರ.