ಒತ್ತಕ್ಷರಕ್ಕೂ ಜಾಗ ಬೇಕು

ಮಕ್ಕಳ ಚಿತ್ರಕಥೆಯನ್ನು ಪಿಡಿಎಫ್ ಮಾಡಲು ಹೊರಟವರು ಸಾಮಾನ್ಯವಾಗಿ ಎ4 ಹಾಳೆಯಿಂದಲೇ ಶುರು ಮಾಡುತ್ತಾರೆ. ಕಂಪ್ಯೂಟರ್‌ನಲ್ಲಿ 24 ಪಾಯಿಂಟ್ ಅಕ್ಷರ ದಪ್ಪವಾಗಿಯೇ ಕಾಣುತ್ತದೆ. ಆದರೆ ಮನೆಯಲ್ಲಿ ಮಗು ಓದುವುದು ಅಮ್ಮನ ಮೊಬೈಲಿನಲ್ಲಿ. 21 ಸೆಂಟಿಮೀಟರ್ ಅಗಲದ ಹಾಳೆ ಅಲ್ಲಿ ಸುಮಾರು 7 ಸೆಂಟಿಮೀಟರಿಗೆ ಕುಗ್ಗಿ, ಅಕ್ಷರ 8 ಪಾಯಿಂಟಿಗೆ ಇಳಿಯುತ್ತದೆ. ಅದು ಪತ್ರಿಕೆಯ ವರ್ಗೀಕೃತ ಜಾಹೀರಾತಿನ ಅಳತೆ! ಪುಟವನ್ನೇ 15 ಸೆಂಟಿಮೀಟರ್ ಚೌಕವಾಗಿಟ್ಟು 28 ಪಾಯಿಂಟಿನಲ್ಲಿ ಜೋಡಿಸಿದರೆ ಮೊಬೈಲಿನಲ್ಲೂ 13ರಷ್ಟು ಉಳಿಯುತ್ತದೆ.

ಇನ್ನು ಸಾಲುಗಳ ನಡುವಿನ ಅಂತರ. ಒಂದು ಪುಟದಲ್ಲಿ ಹೀಗೆ ಬರೆಯಬೇಕಿದೆ ಎನ್ನಿ:

ಅಜ್ಜಿ ಬುಟ್ಟಿಯಲ್ಲಿ
ಹಣ್ಣು ತಂದಳು.
ಪುಟ್ಟಿ ಎಣಿಸಿದಳು.

ಮೊದಲ ಸಾಲಿನಲ್ಲೇ ಮೂರು ಒತ್ತುಗಳು ಕೆಳಗೆ ಇಳಿದಿವೆ. ಮೂರನೆಯ ಸಾಲಿನ ಗುಡಿಸುಗಳು ಮೇಲಕ್ಕೆ ಚಾಚಿವೆ. ಇಂಗ್ಲಿಷಿಗೆ ಸಾಲುವ ಅಂತರದಲ್ಲಿ ಇವು ಒಂದಕ್ಕೊಂದು ತಾಗಿ, ಆಗಷ್ಟೇ ಅಕ್ಷರ ಕೂಡಿಸಲು ಕಲಿತ ಮಗುವಿಗೆ ಯಾವ ಒತ್ತು ಯಾವುದಕ್ಕೆ ಸೇರಿದ್ದು ಎಂದೇ ತಿಳಿಯುವುದಿಲ್ಲ. ಅಕ್ಷರದಳತೆಯ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು, ಅಂದರೆ 45 ಪಾಯಿಂಟಿನಷ್ಟು ಬಿಟ್ಟರೆ ಸಲೀಸು. ಸಾಲನ್ನು ಅಂಚು ಮುಟ್ಟಿದಲ್ಲಿ ಅಲ್ಲ, ಓದುವಾಗ ಉಸಿರು ನಿಲ್ಲುವಲ್ಲಿ ಮುರಿಯಬೇಕು.

ಲೆಕ್ಕ ಹಾಕಿ: ಮೂರು ಸಾಲಿಗೆ ಸುಮಾರು 5 ಸೆಂಟಿಮೀಟರ್, ಪುಟದ ಮೂರನೇ ಒಂದು ಪಾಲು. ಇದನ್ನು ಚಿತ್ರಕಾರರಿಗೆ ಮೊದಲೇ ಹೇಳದಿದ್ದರೆ ಮರದೆಲೆಗಳ ಮೇಲೆ ಅಕ್ಷರ ಕೂರಿಸುವ ಗತಿ ಬರುತ್ತದೆ. ಆಮೇಲೆ ಹಿಂದೆ ಬಿಳಿ ಪಟ್ಟಿ ಹಾಕುವುದು ಬರೀ ತೇಪೆ. ತಿಳಿ ಆಕಾಶವೋ ಖಾಲಿ ಗೋಡೆಯೋ ಚಿತ್ರದಲ್ಲೇ ಇರಲಿ. ಎರಡು ಪುಟಕ್ಕೆ ಹರಡಿದ ಚಿತ್ರ ಮುದ್ರಣದಲ್ಲಿ ಚೆನ್ನ, ಮೊಬೈಲಿನಲ್ಲಿ ಮಾತ್ರ ಆನೆಯ ತಲೆ ಒಂದು ಪುಟಕ್ಕೆ, ಬಾಲ ಇನ್ನೊಂದಕ್ಕೆ. ಮುದ್ರಣವೂ ಆಗಬೇಕಿದ್ದರೆ 15 ಸೆಂಟಿಮೀಟರ್ ಚೌಕಕ್ಕೆ ಚಿತ್ರ ಸುಮಾರು 1,800 ಪಿಕ್ಸೆಲ್ ಅಗಲವಿರಬೇಕು. ಅಂಚಿನವರೆಗೆ ಬಣ್ಣವಿದ್ದರೆ ಸುತ್ತಲೂ 3 ಮಿಲಿಮೀಟರ್ ಹೆಚ್ಚು ಬರೆಸಿ, ಕತ್ತರಿಸುವಾಗ ಬಿಳಿ ಗೆರೆ ಉಳಿಯದು.

ಪಠ್ಯ ಯೂನಿಕೋಡ್‌ನಲ್ಲಿರಲಿ. ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ ಎರಡೂ ಉಚಿತ ಫಾಂಟ್‌ಗಳು. ಶೀರ್ಷಿಕೆಗೆ ದುಂಡನೆಯ ಬಾಲೂ ತಮ್ಮ ಒಪ್ಪುತ್ತದೆ, ಕಥೆಗೆ ನನ್ನ ಆಯ್ಕೆ ನೋಟೊ. ಹಳೆಯ ಎನ್ಕೋಡಿಂಗ್‌ನ ನುಡಿ, ಬರಹ ಫಾಂಟ್‌ಗಳಲ್ಲಿ ಜೋಡಿಸಿ, ಫಾಂಟನ್ನು ಪಿಡಿಎಫ್ ಒಳಗೆ ಸೇರಿಸದೆ ಬಿಟ್ಟರೆ ಬೇರೆಯವರ ಮೊಬೈಲಿನಲ್ಲಿ ಅರ್ಥವಿಲ್ಲದ ರೋಮನ್ ಚಿಹ್ನೆಗಳು ಮೂಡುತ್ತವೆ. ಅಕ್ಷರಗಳನ್ನು ಚಿತ್ರದೊಳಗೇ ಅಚ್ಚೊತ್ತಿದರೆ ಆ ತೊಂದರೆ ಇಲ್ಲ, ಆದರೆ ಹಿಗ್ಗಿಸಿದಾಗ ಅಂಚು ಮಸುಕಾಗುತ್ತದೆ. ಪಿಡಿಎಫ್ ಆದ ಮೇಲೆ ‘ಹಣ್ಣು’, ‘ಸೂರ್ಯ’, ‘ಕೃಷ್ಣ’ದಂಥ ಪದಗಳನ್ನು ಹುಡುಕಿ ನೋಡಿ: ಒತ್ತು ಕಳಚಿಕೊಂಡು ಪಕ್ಕಕ್ಕೆ ಬಂದಿದ್ದರೆ ಆ ತಂತ್ರಾಂಶಕ್ಕೆ ಕನ್ನಡ ಜೋಡಿಸಲು ಬರುವುದಿಲ್ಲ ಎಂದೇ ಲೆಕ್ಕ. ಅದೇ ಪುಟವನ್ನು ಲಿಬ್ರೆಆಫೀಸ್ ಇಂಪ್ರೆಸ್‌ನಲ್ಲಿ ಜೋಡಿಸಿ ನೋಡಬಹುದು.